ಭಾಗಾಕಾರ ಬೇಡದ ದಾರಿಲೆಕ್ಕ

1955ರ ಅಕ್ಟೋಬರ್‌ನಲ್ಲಿ ಅಮೆರಿಕದ ರ‍್ಯಾಂಡ್ ಸಂಸ್ಥೆಯಲ್ಲಿ ಒಂದು ಗುಪ್ತ ವರದಿ ಸಿದ್ಧವಾಯಿತು. ಬರೆದವರು ಗಣಿತಜ್ಞ ಟಿ. ಇ. ಹ್ಯಾರಿಸ್ ಮತ್ತು ನಿವೃತ್ತ ಜನರಲ್ ಎಫ್. ಎಸ್. ರಾಸ್. ಸೋವಿಯತ್ ಒಕ್ಕೂಟದಿಂದ ಪೂರ್ವ ಯುರೋಪಿನ ದೇಶಗಳಿಗೆ ಹೋಗುವ ರೈಲುಮಾರ್ಗಗಳನ್ನು ಅವರು 44 ಬಿಂದುಗಳಾಗಿ, ಆ ಬಿಂದುಗಳನ್ನು ಜೋಡಿಸುವ 105 ಗೆರೆಗಳಾಗಿ ಬರೆದುಕೊಂಡಿದ್ದರು. ಪ್ರತಿ ಗೆರೆಯ ಮೇಲೆ ಎಷ್ಟು ಸರಕು ಹೋಗಬಲ್ಲದು ಎಂಬ ಅಂದಾಜು ಇತ್ತು. ಇಡೀ ಜಾಲದಲ್ಲಿ ಒಟ್ಟು ಎಷ್ಟು ಸಾಗಿಸಬಹುದು ಎಂಬ ಪ್ರಶ್ನೆಗೆ ಬಂದ ಉತ್ತರ 1,63,000 ಟನ್. ಅದೇ ನಕ್ಷೆಯಲ್ಲಿ ಅಡ್ಡಡ್ಡವಾಗಿ ಇನ್ನೊಂದು ಗೆರೆ ಎಳೆದು, ಅದಕ್ಕೆ ‘ಬಾಟಲ್‌ನೆಕ್’ ಎಂದು ಹೆಸರಿಟ್ಟಿದ್ದರು. ಆ ಗೆರೆಯನ್ನು ದಾಟುವ ಹಳಿಗಳ ಸಾಮರ್ಥ್ಯವನ್ನೆಲ್ಲ ಕೂಡಿದರೂ ಬರುವುದು 1,63,000. ಅಮೆರಿಕದ ಸೇನೆಗೆ ನಿಜವಾಗಿ ಬೇಕಿದ್ದುದು ಆ ಅಡ್ಡಗೆರೆಯೇ: ಎಲ್ಲಿ ಕಡಿದರೆ ಸರಕು ನಿಲ್ಲುತ್ತದೆ ಎಂಬ ಗುರುತು. ಡಚ್ ಗಣಿತಜ್ಞ ಅಲೆಕ್ಸಾಂಡರ್ ಸ್ಕ್ರೈವರ್ ಕೋರಿದ ಮೇಲೆ, 1999ರಲ್ಲಿ ಆ ವರದಿಯ ಮೇಲಿದ್ದ ಗೋಪ್ಯದ ಮುದ್ರೆ ತೆಗೆಯಲಾಯಿತು.

ಎರಡೂ ಸಂಖ್ಯೆ ಒಂದೇ ಆದದ್ದು ಕಾಕತಾಳೀಯವಲ್ಲ. ಅದೇ ಸಂಸ್ಥೆಯಲ್ಲಿದ್ದ ಲೆಸ್ಟರ್ ಫೋರ್ಡ್ ಮತ್ತು ಡಿ. ಆರ್. ಫುಲ್ಕರ್ಸನ್, ಅವು ಯಾವಾಗಲೂ ಒಂದೇ ಆಗಿರುತ್ತವೆ ಎಂದು ಸಾಧಿಸಿದ್ದರು. ಅದು ಯಾಕೆ ಹಾಗೆ ಎಂಬುದನ್ನು ನಾಲ್ಕೇ ಊರುಗಳ ಜಾಲವೊಂದನ್ನು ಇಟ್ಟುಕೊಂಡು ನೋಡೋಣ. ಓದುಗರು ಒಂದು ಹಾಳೆಯಲ್ಲಿ ಚಿತ್ರ ಬರೆದುಕೊಂಡರೆ ಮುಂದಿನದು ಸಲೀಸು.

ಎಡಕ್ಕೆ ಕ, ಬಲಕ್ಕೆ ಟ, ನಡುವೆ ಮೇಲೆ ಗ, ಕೆಳಗೆ ಚ. ಸರಕು ಕ ಊರಿನಿಂದ ಟ ಊರಿಗೆ ಹೋಗಬೇಕು. ದಾರಿಗಳು ಐದು, ಎಲ್ಲವೂ ಒಮ್ಮುಖ. ದಿನಕ್ಕೆ ಕ–ಗ ದಾರಿಯಲ್ಲಿ 6 ಲಾರಿ, ಕ–ಚ ದಾರಿಯಲ್ಲಿ 8, ಗ–ಚ ದಾರಿಯಲ್ಲಿ 4, ಗ–ಟ ದಾರಿಯಲ್ಲಿ 7, ಚ–ಟ ದಾರಿಯಲ್ಲಿ 5 ಹೋಗಬಹುದು. ಒಟ್ಟು ಎಷ್ಟು ಲಾರಿ ದಾಟಿಸಬಹುದು?

ಕೈಗೆ ಸಿಕ್ಕ ದಾರಿಯಲ್ಲಿ ಕಳಿಸುತ್ತ ಹೋಗೋಣ. ಕ–ಗ–ಚ–ಟ ಮೂಲಕ 4, ಕ–ಗ–ಟ ಮೂಲಕ 2, ಕ–ಚ–ಟ ಮೂಲಕ 1. ಒಟ್ಟು 7 ಆಯಿತು, ಅಲ್ಲಿಗೆ ನಿಂತಿತು. ಕ–ಗ ತುಂಬಿದೆ, ಚ–ಟ ತುಂಬಿದೆ. ಹೊಸ ದಾರಿ ಸಿಗುವುದಿಲ್ಲ. ಇಷ್ಟೇ ಸಾಧ್ಯ ಎಂದು ಪೆನ್ನು ಕೆಳಗಿಡುವವರೇ ಹೆಚ್ಚು. ಆದರೆ ಕ–ಚ ದಾರಿಯಲ್ಲಿ ಇನ್ನೂ 7 ಲಾರಿಗೆ ಜಾಗವಿದೆ, ಗ–ಟ ದಾರಿಯಲ್ಲಿ 5ಕ್ಕೆ ಇದೆ. ಫೋರ್ಡ್ ಮತ್ತು ಫುಲ್ಕರ್ಸನ್ ಇಲ್ಲಿ ಮಾಡಿದ್ದು ಇಷ್ಟು: ಈಗಾಗಲೇ ಗ ಊರಿನಿಂದ ಚ ಊರಿಗೆ ಇಳಿದಿರುವ 4 ಲಾರಿಗಳ ತೀರ್ಮಾನವನ್ನು ರದ್ದು ಮಾಡುವುದು. ಕ ಊರಿನಿಂದ ನೇರವಾಗಿ ಚ ಊರಿಗೆ ಇನ್ನೂ 4 ಕಳಿಸಿದರೆ ಚ–ಟ ದಾರಿಯಲ್ಲಿ ಅವು ಆ ನಾಲ್ಕರ ಜಾಗ ಹಿಡಿಯುತ್ತವೆ. ಗ ಊರಿನಲ್ಲೇ ಉಳಿದ ನಾಲ್ಕು ನೇರ ಟ ಊರಿಗೆ ಹೋಗುತ್ತವೆ. ಈಗ ಒಟ್ಟು 11. ಕ–ಗ–ಟ ಮೂಲಕ 6, ಕ–ಚ–ಟ ಮೂಲಕ 5, ಗ–ಚ ಖಾಲಿ.

ಇದಕ್ಕಿಂತ ಹೆಚ್ಚು ಸಾಧ್ಯವಿಲ್ಲ ಎಂದು ಹೇಗೆ ನಂಬುವುದು? ಕ ಊರಿನಿಂದ ಹೊರಟು, ಇನ್ನೂ ಜಾಗವಿರುವ ದಾರಿಯಲ್ಲಿ ಎಲ್ಲಿಯವರೆಗೆ ಹೋಗಬಹುದು ನೋಡಿ. ಚ ಊರು ಸಿಗುತ್ತದೆ, ಅಲ್ಲಿಂದ ಮುಂದೆ ದಾರಿಯಿಲ್ಲ. ಹಾಗಾದರೆ ಕ ಮತ್ತು ಚ ಒಂದು ಕಡೆ, ಗ ಮತ್ತು ಟ ಇನ್ನೊಂದು ಕಡೆ ಬರುವಂತೆ ಅಡ್ಡಗೆರೆ ಎಳೆಯಿರಿ. ಆಚೆಗೆ ದಾಟುವ ದಾರಿಗಳು ಎರಡೇ: 6ರ ಕ–ಗ, 5ರ ಚ–ಟ. ಕೂಡಿದರೆ 11. ಯಾವ ಲಾರಿಯೇ ಆಗಲಿ, ಕ ಊರಿನಿಂದ ಟ ಊರಿಗೆ ಹೋಗಬೇಕಾದರೆ ಒಮ್ಮೆಯಾದರೂ ಈ ಎರಡರಲ್ಲಿ ಒಂದನ್ನು ಹಿಡಿಯಲೇಬೇಕು. ಆದ್ದರಿಂದ 12 ಅಸಾಧ್ಯ. ಈ ಮಾತನ್ನು ಒಪ್ಪಲು ನಾವು ಯಾವ ಯಂತ್ರವನ್ನೂ ನಂಬಬೇಕಿಲ್ಲ, ಎರಡು ಸಂಖ್ಯೆ ಕೂಡಲು ಬಂದರೆ ಸಾಕು. ಈ ಲೆಕ್ಕದಲ್ಲಿ ನನಗೆ ಅತ್ಯಂತ ಬೆಲೆಬಾಳುವುದು ಎನಿಸುವುದು ಇದೇ: ಉತ್ತರದ ಜೊತೆಗೇ ಅದರ ಪುರಾವೆಯೂ ಸಿಗುತ್ತದೆ.

ಪುರಾವೆ ಎಲ್ಲಿಂದ ಬಂತು ಎಂದರೆ ಲೀನಿಯರ್ ಪ್ರೋಗ್ರಾಮಿಂಗ್‌ನಿಂದ. ಪಿಯುಸಿಯಲ್ಲಿ ಗಣಿತ ಓದಿದವರಿಗೆ ಇದು ಹೊಸದಲ್ಲ: ಕೆಲವು ನಿರ್ಬಂಧಗಳೊಳಗೆ ಒಂದು ಮೊತ್ತವನ್ನು ಗರಿಷ್ಠ ಅಥವಾ ಕನಿಷ್ಠ ಮಾಡುವುದು, ನಿರ್ಬಂಧಗಳೆಲ್ಲ ಗ್ರಾಫ್ ಹಾಳೆಯ ಮೇಲೆ ಸರಳರೇಖೆಗಳು. ನಮ್ಮ ಲೆಕ್ಕದಲ್ಲಿ ಗೊತ್ತಿಲ್ಲದ ಸಂಖ್ಯೆಗಳು ಐದು, ದಾರಿಗೊಂದು. ನಿರ್ಬಂಧಗಳು ಎರಡು ಬಗೆ. ಪ್ರತಿ ದಾರಿಯಲ್ಲೂ ಮಿತಿ ಮೀರಬಾರದು. ನಡುವಿನ ಪ್ರತಿ ಊರಿನಲ್ಲೂ ಬಂದಷ್ಟು ಹೊರಗೆ ಹೋಗಬೇಕು. ಇಂಥ ಪ್ರತಿ ಪ್ರೋಗ್ರಾಮಿಗೂ ಒಂದು ಜೋಡಿ ಇರುತ್ತದೆ. ಒಂದು ಗರಿಷ್ಠವನ್ನು ಹುಡುಕಿದರೆ ಇನ್ನೊಂದು ಕನಿಷ್ಠವನ್ನು ಹುಡುಕುತ್ತದೆ, ಎರಡೂ ಒಂದೇ ಸಂಖ್ಯೆಯಲ್ಲಿ ಸೇರುತ್ತವೆ. ಗರಿಷ್ಠ ಹರಿವಿನ ಜೋಡಿಯೇ ಅತಿ ಕಡಿಮೆ ಸಾಮರ್ಥ್ಯದ ಆ ಅಡ್ಡಗೆರೆ. ಸಿಂಪ್ಲೆಕ್ಸ್ ವಿಧಾನವನ್ನು ಕೊಟ್ಟ ಜಾರ್ಜ್ ಡಾಂಟ್ಸಿಗ್, ಫುಲ್ಕರ್ಸನ್ ಜೊತೆ ಸೇರಿ ಈ ಹಾದಿಯಲ್ಲೇ ಪ್ರಮೇಯಕ್ಕೆ ಇನ್ನೊಂದು ಸಾಧನೆ ಕೊಟ್ಟರು.

ಈ ಜೋಡಿಯಿಂದ ಬೇರೊಂದು ಉಪಯೋಗವೂ ಇದೆ. ರಸ್ತೆ ಅಗಲ ಮಾಡಲು ದುಡ್ಡಿದೆ, ಯಾವುದಕ್ಕೆ ಹಾಕಬೇಕು? ಕ–ಗ ದಾರಿಯಲ್ಲಿ ಒಂದು ಲಾರಿಗೆ ಹೆಚ್ಚು ಜಾಗ ಮಾಡಿದರೆ ಒಟ್ಟು 12 ಆಗುತ್ತದೆ. ಕ–ಚ ದಾರಿಯನ್ನು ಎಷ್ಟೇ ಅಗಲ ಮಾಡಿದರೂ 11 ಹನ್ನೊಂದಾಗಿಯೇ ಉಳಿಯುತ್ತದೆ.

ಈಗ ಅದೇ ನಾಲ್ಕು ಊರು, ಅದೇ ಐದು ದಾರಿ, ಪ್ರಶ್ನೆ ಮಾತ್ರ ಬೇರೆ: ಬೇಗ ತಲುಪುವುದು ಹೇಗೆ? ಕ–ಗ 2 ಗಂಟೆ, ಕ–ಚ 5, ಗ–ಚ 2, ಗ–ಟ 6, ಚ–ಟ 3 ಗಂಟೆ ಎನ್ನೋಣ. ಕ–ಗ–ಚ–ಟ ಮೂಲಕ 7 ಗಂಟೆ, ಉಳಿದ ಎರಡೂ ದಾರಿಗಳಲ್ಲಿ 8. ಅಲ್ಲಿ ಖಾಲಿ ಬಿಟ್ಟ ಗ–ಚ ದಾರಿ ಇಲ್ಲಿ ಅನಿವಾರ್ಯವಾಯಿತು. ಒಬ್ಬನಿಗೆ ಒಳ್ಳೆಯ ದಾರಿ ಎಲ್ಲರಿಗೂ ಒಳ್ಳೆಯದಾಗಿರಬೇಕಿಲ್ಲ ಎಂಬುದು ಇಷ್ಟು ಚಿಕ್ಕ ಚಿತ್ರದಲ್ಲೇ ಕಾಣುತ್ತದೆ. ಸಮೀಕರಣಗಳು ಮಾತ್ರ ಬದಲಾಗಿಲ್ಲ. ಕ ಊರಿನಿಂದ ಒಂದೇ ಒಂದು ಲಾರಿ ಹೊರಡಬೇಕು, ಟ ಊರಿಗೆ ಒಂದು ಬರಬೇಕು, ನಡುವಿನ ಊರುಗಳಲ್ಲಿ ಬಂದದ್ದು ಹೋಗಬೇಕು, ಒಟ್ಟು ಗಂಟೆ ಕನಿಷ್ಠವಾಗಬೇಕು.

ಇದರ ಜೋಡಿ ಪ್ರೋಗ್ರಾಮು ಏನು ಎಂಬುದನ್ನು ಜಾರ್ಜ್ ಮಿಂಟಿ 1957ರಲ್ಲಿ ಬರೆದ ಚಿಕ್ಕ ಟಿಪ್ಪಣಿಯೊಂದು ಕಣ್ಣಿಗೆ ಕಟ್ಟಿಸುತ್ತದೆ. ದಾರಿಗಳಷ್ಟೇ ಉದ್ದದ ದಾರದ ತುಂಡುಗಳನ್ನು ತೆಗೆದುಕೊಂಡು, ಊರು ಇರುವಲ್ಲಿ ಗಂಟು ಹಾಕಿ, ಕ ಮತ್ತು ಟ ಗಂಟುಗಳನ್ನು ಹಿಡಿದು ಎರಡು ಕಡೆಗೆ ಎಳೆಯಬೇಕು. ಬಿಗಿಯಾದ ದಾರಗಳೇ ಅತಿ ಹತ್ತಿರದ ದಾರಿ; ಉಳಿದವು ಜೋತು ಬೀಳುತ್ತವೆ. ಹುಡುಕುತ್ತಿದ್ದುದು ಕನಿಷ್ಠ ದೂರ, ಕೈ ಮಾಡಿದ್ದು ಗರಿಷ್ಠ ಎಳೆತ! ನಮ್ಮ ಜಾಲದಲ್ಲಿ ಎಳೆದಾಗ ಗಂಟುಗಳು ನಿಲ್ಲುವ ಜಾಗ ಕ 0, ಗ 2, ಚ 4, ಟ 7. ಕ ಮತ್ತು ಚ ನಡುವಿನ ದೂರ 4, ದಾರದ ಉದ್ದ 5, ಹಾಗಾಗಿ ಅದು ಸಡಿಲ. ಗ–ಟ ದಾರವೂ ಹಾಗೆಯೇ, 6ರ ದಾರಕ್ಕೆ 5ರ ಅಂತರ. (ಒಮ್ಮುಖ ದಾರಿಗಳನ್ನು ದಾರ ತೋರಿಸಲಾರದು, ಎರಡೂ ಕಡೆ ಓಡಾಡುವ ದಾರಿಗಳಿಗೆ ಮಾತ್ರ ಈ ಉಪಾಯ. ಇಲ್ಲಿ ಹೇಗೆ ನೋಡಿದರೂ ಉತ್ತರ 7.) ಎಡ್ಸ್‌ಗರ್ ಡೈಕ್‌ಸ್ಟ್ರಾ 1959ರಲ್ಲಿ ಪ್ರಕಟಿಸಿದ ಪ್ರಸಿದ್ಧ ವಿಧಾನ ಒಂದೊಂದೇ ಊರಿನ ಮೇಲೆ ಬರೆಯುತ್ತ ಹೋಗುವ ಸಂಖ್ಯೆಗಳೂ ಇವೇ: 0, 2, 4, 7.

ಇಷ್ಟು ಹೊತ್ತು ಒಂದು ವಿಷಯವನ್ನು ಕೇಳದೆ ಬಿಟ್ಟೆವು. ಲೀನಿಯರ್ ಪ್ರೋಗ್ರಾಮಿನ ಉತ್ತರ ಸಾಮಾನ್ಯವಾಗಿ ಪೂರ್ಣಾಂಕವಾಗಿರುವುದಿಲ್ಲ. ‘ಎರಡೂವರೆ ಕುರ್ಚಿ ಮಾಡಿ’ ಎಂದು ಅದು ಹೇಳಬಹುದು. ಹಾಗಿರುವಾಗ ಮೂರೂವರೆ ಲಾರಿ, ಅರ್ಧ ದಾರಿ ಎಂಬ ಉತ್ತರ ಇಲ್ಲಿ ಯಾಕೆ ಬರಲಿಲ್ಲ?

ಊರುಗಳ ಸಮೀಕರಣಗಳನ್ನು ಸಾಲಾಗಿ ಬರೆದು, ದಾರಿಗೊಂದು ಕಂಬಸಾಲು ಹಾಕಿ. ಒಂದು ದಾರಿ ಒಂದು ಊರನ್ನು ಬಿಟ್ಟು ಇನ್ನೊಂದನ್ನು ಸೇರುತ್ತದೆ, ಅಷ್ಟೇ. ಹಾಗಾಗಿ ಪ್ರತಿ ಕಂಬಸಾಲಿನಲ್ಲಿ ಒಂದು +1, ಒಂದು −1, ಉಳಿದದ್ದೆಲ್ಲ ಸೊನ್ನೆ. ಜಾಲದ ಗುಟ್ಟು ಇಷ್ಟರಲ್ಲೇ ಇದೆ. ಸಿಂಪ್ಲೆಕ್ಸ್ ವಿಧಾನ ಕೊನೆಗೆ ತಲುಪುವ ಉತ್ತರದಲ್ಲಿ, ಖಾಲಿಯೂ ಅಲ್ಲದ, ತುಂಬಿಯೂ ಇಲ್ಲದ ದಾರಿಗಳು ಎಂದೂ ಸುತ್ತು ಹಾಕುವುದಿಲ್ಲ. ಸುತ್ತಿಲ್ಲದ ಮೇಲೆ, ಅಂಥ ಒಂದೇ ಒಂದು ದಾರಿಯಿರುವ ಊರು ಎಲ್ಲೋ ಇದ್ದೇ ಇರುತ್ತದೆ. ಅಲ್ಲಿ ಕಳೆದರೆ ಆ ದಾರಿಯ ಲೆಕ್ಕ ಮುಗಿಯಿತು. ಅದನ್ನು ಅಳಿಸಿ ಮುಂದಿನ ಊರಿಗೆ ಹೋಗಬಹುದು. ನಮ್ಮ 11ರ ಉತ್ತರದಲ್ಲೇ ನೋಡಿ. ಕ–ಗ ತುಂಬಿದೆ, 6. ಗ–ಚ ಖಾಲಿ. ಆದ್ದರಿಂದ ಗ–ಟ ದಾರಿಯಲ್ಲಿ 6 ಕಳೆ 0, ಅಂದರೆ 6. ಚ–ಟ ತುಂಬಿದೆ, 5. ಆದ್ದರಿಂದ ಕ–ಚ ದಾರಿಯಲ್ಲೂ 5. ಎಲ್ಲೂ ಭಾಗಿಸಲಿಲ್ಲ. ಮಿತಿಗಳು ಪೂರ್ಣಾಂಕಗಳಾದರೆ, ಬರೀ ಕೂಡಿ ಕಳೆದು ಭಿನ್ನರಾಶಿ ಬರುವುದಾದರೂ ಎಲ್ಲಿಂದ? ಆಲನ್ ಹಾಫ್‌ಮನ್ ಮತ್ತು ಜೋಸೆಫ್ ಕ್ರಸ್ಕಲ್ 1956ರಲ್ಲಿ, ಈ ಗುಣ ಯಾವ ಯಾವ ಸಮೀಕರಣಗಳಿಗೆ ಇರುತ್ತದೆ ಎಂಬುದನ್ನು ಇನ್ನೂ ವಿಶಾಲವಾಗಿ ತೋರಿಸಿಕೊಟ್ಟರು.

ಈ ಗುಣ ಎಷ್ಟು ಬೇಗ ಕೈತಪ್ಪುತ್ತದೆ ಎಂಬುದನ್ನೂ ತಿಳಿದಿರಬೇಕು. ಗ–ಚ ನಡುವೆ ಸೇತುವೆಯಿದೆ, ಟೋಲ್ 100 ರೂಪಾಯಿ ಎನ್ನೋಣ. ಕೈಯಲ್ಲಿರುವುದು 50. ಬೇಗ ತಲುಪುವ ಲೆಕ್ಕಕ್ಕೆ ‘ಟೋಲ್ 50 ರೂಪಾಯಿ ಮೀರಬಾರದು’ ಎಂಬ ಒಂದೇ ಒಂದು ಸಾಲು ಸೇರಿಸಿ. ನಿಜವಾದ ಉತ್ತರ 8 ಗಂಟೆ, ಸೇತುವೆ ಹತ್ತುವಂತಿಲ್ಲ. ಆದರೆ ಲೀನಿಯರ್ ಪ್ರೋಗ್ರಾಮು ಅರ್ಧ ಲಾರಿಯನ್ನು ಸೇತುವೆಯ ಮೇಲೆ, ಅರ್ಧವನ್ನು ಬೇರೆ ದಾರಿಯಲ್ಲಿ ಕಳಿಸಿ, ಟೋಲ್ ಸರಿಯಾಗಿ 50, ಸಮಯ ಏಳೂವರೆ ಗಂಟೆ ಎನ್ನುತ್ತದೆ. ಆ ಹೊಸ ಸಾಲು ಗ–ಚ ಕಂಬಸಾಲಿನಲ್ಲಿ +1, −1 ಜೊತೆಗೆ 100 ಎಂಬ ಮೂರನೆಯ ಸಂಖ್ಯೆಯನ್ನು ತಂದಿಟ್ಟಿತು. ಉತ್ತರ ಹುಡುಕಲು 50ನ್ನು 100ರಿಂದ ಭಾಗಿಸಬೇಕಾಯಿತು, ಅರ್ಧ ಬಂದದ್ದು ಅಲ್ಲಿಂದ. ಬೇರೆ ಬೇರೆ ಊರಿಗೆ ಹೋಗಬೇಕಾದ ಬೇರೆ ಬೇರೆ ಸರಕು ಒಂದೇ ರಸ್ತೆಯ ಜಾಗ ಹಂಚಿಕೊಳ್ಳುವಾಗಲೂ ಇಂಥದೇ ತೊಂದರೆ ಏಳಬಹುದು.

ಹಾಗೆ ಬಂದ ಏಳೂವರೆ ಪೂರಾ ವ್ಯರ್ಥವಲ್ಲ: ಏಳೂವರೆಗಿಂತ ಬೇಗ ಯಾರೂ ತಲುಪಲಾರರು ಎಂಬ ಖಾತರಿಯನ್ನು ಅದು ಕೊಡುತ್ತದೆ. ಅಲ್ಲಿಂದ ಎಂಟಕ್ಕೆ ಬರಲು ಮಾತ್ರ ಬೇರೆ ಬಗೆಯ ಹುಡುಕಾಟವೇ ಬೇಕು. ಜಾಲ ದೊಡ್ಡದಾದರೆ ಅದು ಬಹಳ ಹೊತ್ತು ತೆಗೆದುಕೊಳ್ಳಬಹುದು. ಆದ್ದರಿಂದ ಇಂಥ ಲೆಕ್ಕವನ್ನು ಕಂಪ್ಯೂಟರಿಗೆ ಕೊಡುವವರು ಮೊದಲು ಕಂಬಸಾಲುಗಳನ್ನು ನೋಡಬೇಕು. ಪ್ರತಿಯೊಂದರಲ್ಲೂ ಒಂದು +1, ಒಂದು −1 ಮಾತ್ರ ಇದ್ದು, ಮಿತಿಗಳೆಲ್ಲ ಪೂರ್ಣಾಂಕಗಳಾಗಿದ್ದರೆ ಭಿನ್ನರಾಶಿಯ ಭಯ ಬೇಡ, ಸಿಂಪ್ಲೆಕ್ಸ್ ಕೊಡುವ ಉತ್ತರವನ್ನು ನೇರವಾಗಿ ಬಳಸಬಹುದು. ಮೂರನೆಯ ಸಂಖ್ಯೆ ಕಂಡರೆ, ಬಂದ ಉತ್ತರದಲ್ಲಿ ಅರ್ಧ ಲಾರಿ ಇದೆಯೇ ಎಂದು ಒಮ್ಮೆ ಪರೀಕ್ಷಿಸಿ.