ಹತ್ತೊಂಬತ್ತು ಮಕ್ಕಳ ಲೆಕ್ಕ

ಶಿರಹಟ್ಟಿ ಅಥವಾ ಮುಂಡರಗಿ ತಾಲ್ಲೂಕಿನ ಯಾವುದೇ ಆರೋಗ್ಯ ಉಪಕೇಂದ್ರವನ್ನು ತೆಗೆದುಕೊಳ್ಳಿ. ಸರ್ಕಾರದ ಮಾನದಂಡದಂತೆ ಅದರ ಕೆಳಗೆ ಸುಮಾರು 5,000 ಜನ ಇರುತ್ತಾರೆ. ಅವರಲ್ಲಿ ಒಂದು ವರ್ಷ ತುಂಬಿ ಎರಡು ತುಂಬದ ಮಕ್ಕಳು ಎಂಬತ್ತೋ ತೊಂಬತ್ತೋ ಇದ್ದಾವು. ಬಿಸಿಜಿ, ಪೋಲಿಯೊ ಹನಿ, ಮೂರು ಪೆಂಟಾವೇಲೆಂಟ್, ಮೊದಲ ದಡಾರ-ರುಬೆಲ್ಲಾ ಚುಚ್ಚುಮದ್ದು ಇವೆಲ್ಲ ಆ ಮಕ್ಕಳಲ್ಲಿ ಸಾಕಷ್ಟು ಜನಕ್ಕೆ ಬಿದ್ದಿವೆಯೇ? ಉಪಕೇಂದ್ರದ ರಿಜಿಸ್ಟರ್ ಹೌದು ಎನ್ನುತ್ತದೆ. ಆದರೆ ರಿಜಿಸ್ಟರಿನಲ್ಲಿ ಹೆಸರೇ ಇಲ್ಲದ ಮಗುವಿನ ಬಗ್ಗೆ ರಿಜಿಸ್ಟರ್ ಏನನ್ನೂ ಹೇಳಲಾರದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಜಿಲ್ಲೆಯ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಗದಗ ಜಿಲ್ಲೆಗೆ ಒಂದು ಶೇಕಡಾವಾರು ಸಿಗುತ್ತದೆ, ಉಪಕೇಂದ್ರಕ್ಕೆ ಸಿಗುವುದಿಲ್ಲ. ದಡಾರವೋ ಜಿಲ್ಲೆಯ ಸರಾಸರಿ ನೋಡಿ ಬರುವುದಿಲ್ಲ, ಲಸಿಕೆ ತಪ್ಪಿದ ಮಕ್ಕಳು ಒಟ್ಟಿಗಿರುವ ಓಣಿಯನ್ನೋ ತಾಂಡಾವನ್ನೋ ಹುಡುಕಿಕೊಂಡು ಬರುತ್ತದೆ.

ಈ ಚಿಕ್ಕ ಜಾಗವನ್ನು ಬೇಗ ಅಳೆಯುವ ದಾರಿ ಆಸ್ಪತ್ರೆಯಿಂದ ಬರಲಿಲ್ಲ, ಟೆಲಿಫೋನ್ ಕಾರ್ಖಾನೆಯಿಂದ ಬಂತು.

1920ರ ದಶಕದಲ್ಲಿ ಅಮೆರಿಕದ ಬೆಲ್ ಟೆಲಿಫೋನ್ ಪ್ರಯೋಗಾಲಯದಲ್ಲಿ ಹೆರಾಲ್ಡ್ ಡಾಡ್ಜ್ ಮತ್ತು ಹ್ಯಾರಿ ರೋಮಿಗ್ ಎಂಬ ಇಬ್ಬರ ಮುಂದೆ ಒಂದು ಪ್ರಶ್ನೆ ಇತ್ತು. ಬಿಡಿಭಾಗಗಳು ಪೆಟ್ಟಿಗೆ ಪೆಟ್ಟಿಗೆಯಾಗಿ ಬರುತ್ತವೆ. ಒಂದೊಂದನ್ನೂ ಪರೀಕ್ಷಿಸಲು ಸಮಯವಿಲ್ಲ, ಪರೀಕ್ಷಿಸದೆ ಒಳಗೆ ಬಿಟ್ಟರೆ ಕೆಟ್ಟ ಮಾಲು ಸೇರುತ್ತದೆ. ಗದಗ ಎಪಿಎಂಸಿಯಲ್ಲಿ ಹೆಸರಿನ ಚೀಲಕ್ಕೆ ಕೊಳವೆ ಚುಚ್ಚಿ ಒಂದು ಹಿಡಿ ಕಾಳು ತೆಗೆದು ಲಾಟಿನ ಗುಣ ನಿರ್ಧರಿಸುವ ಖರೀದಿದಾರರು ಮಾಡುವುದೂ ಅದನ್ನೇ. ಡಾಡ್ಜ್ ಮತ್ತು ರೋಮಿಗ್ ಈ ಹಳೆಯ ಅಭ್ಯಾಸಕ್ಕೆ ಗಣಿತ ಕೂಡಿಸಿದರು. ಒಂದು ಲಾಟಿನಿಂದ ಇಂತಿಷ್ಟು ತೆಗೆ, ಅದರಲ್ಲಿ ಇಷ್ಟಕ್ಕಿಂತ ಹೆಚ್ಚು ಕೆಟ್ಟವು ಸಿಕ್ಕರೆ ಇಡೀ ಲಾಟನ್ನು ತಡೆ. ಒಳ್ಳೆಯ ಲಾಟನ್ನು ತಪ್ಪಾಗಿ ತಡೆಯುವ ಸಾಧ್ಯತೆ ಎಷ್ಟು, ಕೆಟ್ಟ ಲಾಟನ್ನು ತಪ್ಪಾಗಿ ಒಳಬಿಡುವ ಸಾಧ್ಯತೆ ಎಷ್ಟು ಎಂಬ ಎರಡು ಅಪಾಯಗಳನ್ನು ಕೆಲಸಕ್ಕೆ ಮೊದಲೇ ಲೆಕ್ಕ ಹಾಕಿ ಇಟ್ಟುಕೋ. 1929ರಲ್ಲಿ ಅವರ ವಿಧಾನ ಬೆಲ್ ಸಂಸ್ಥೆಯ ತಾಂತ್ರಿಕ ಪತ್ರಿಕೆಯಲ್ಲಿ ಅಚ್ಚಾಯಿತು.

ಅದು ಲಸಿಕೆಯ ಲೋಕಕ್ಕೆ ಬರಲು ಅರ್ಧ ಶತಮಾನ ಬೇಕಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ಕೈಯಲ್ಲಿ ಆಗ ಬೇರೊಂದು ಸಾಧನವಿತ್ತು. ರಾಲ್ಫ್ ಹೆಂಡರ್ಸನ್ ಮತ್ತು ಟಿ. ಸುಂದರೇಶನ್ 1982ರಲ್ಲಿ ಅದರ ಅನುಭವವನ್ನು ದಾಖಲಿಸಿದರು. 30 ಊರುಗಳನ್ನು ಆರಿಸು, ಒಂದೊಂದರಲ್ಲಿ 7 ಮಕ್ಕಳನ್ನು ನೋಡು, ಒಟ್ಟು 210 ಮಕ್ಕಳು. ಬರುವ ಶೇಕಡಾವಾರು ನಿಜಕ್ಕಿಂತ ಸುಮಾರು ಹತ್ತು ಅಂಕ ಆಚೀಚೆ ಇರುತ್ತದೆ. ಜಿಲ್ಲೆಗೆ ಇದು ಸಾಕು. ಆದರೆ ಒಂದು ಊರಿನ ಏಳು ಮಕ್ಕಳಿಂದ ಆ ಊರಿನ ಬಗ್ಗೆ ಏನನ್ನೂ ಹೇಳಲಾಗದು. ಪ್ರತಿ ಉಪಕೇಂದ್ರದಲ್ಲೂ 210 ಮಕ್ಕಳನ್ನು ನೋಡೋಣ ಎಂದರೆ ಅಲ್ಲಿ ಅಷ್ಟು ಮಕ್ಕಳೇ ಇರುವುದಿಲ್ಲ.

1980ರ ದಶಕದಲ್ಲಿ ಜಾರ್ಜ್ ಸ್ಟ್ರೋ, ಸ್ಟ್ಯಾನ್ಲಿ ಲೆಮೆಶೊ, ಪೆರು ದೇಶದಲ್ಲಿ ಕೆಲಸ ಮಾಡಿದ ಕ್ಲಾಡಿಯೊ ಲನಾಟಾ ಮುಂತಾದವರು ಕಾರ್ಖಾನೆಯ ಲೆಕ್ಕವನ್ನು ಆರೋಗ್ಯ ಕೇಂದ್ರಕ್ಕೆ ತಂದರು. ಅವರು ಪ್ರಶ್ನೆಯನ್ನೇ ಬದಲಿಸಿದರು. ಇಲ್ಲಿ ಶೇಕಡಾ ಎಷ್ಟು ಮಕ್ಕಳಿಗೆ ಲಸಿಕೆ ಬಿದ್ದಿದೆ ಎಂದು ಕೇಳುವುದನ್ನು ಬಿಟ್ಟು, ಈ ಕೇಂದ್ರ ಪಾಸೋ ಫೇಲೋ ಎಂದಷ್ಟೇ ಕೇಳಿದರು. ಚಿಕ್ಕ ಪ್ರಶ್ನೆಗೆ ಚಿಕ್ಕ ಮಾದರಿ ಸಾಕು. ಕೋಸ್ಟರಿಕದಲ್ಲಿ ಇದೇ ವಿಧಾನವನ್ನು ಪರೀಕ್ಷಿಸಿ 1991ರಲ್ಲಿ ಪುಸ್ತಕ ಬರೆದ ಜೋಸೆಫ್ ವಲಾಡೆಜ್ ಅವರಿಂದಾಗಿ ಒಂದು ಲಾಟಿಗೆ 19 ಎಂಬ ಸಂಖ್ಯೆ ಜನಪ್ರಿಯವಾಯಿತು.

ನಮ್ಮ ದೇಶದಲ್ಲಿ ಇದರ ಗಟ್ಟಿ ಪರೀಕ್ಷೆ ನಡೆದದ್ದು ರಾಜಸ್ಥಾನದ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ. ಜೆ. ಸಿಂಗ್ ಮತ್ತು ಸಂಗಡಿಗರು ಅದರ ಫಲಿತಾಂಶವನ್ನು 1996ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಅವರು 27 ಉಪಕೇಂದ್ರಗಳನ್ನು 27 ಲಾಟುಗಳೆಂದು ಹಿಡಿದು ಪ್ರತಿಯೊಂದಕ್ಕೂ ತೀರ್ಪು ಕೊಟ್ಟರು, ಜೊತೆಗೆ ಹಳೆಯ 30 ಊರುಗಳ ಸಮೀಕ್ಷೆಯನ್ನೂ ಮಾಡಿದರು. ಶಿಶುಗಳ ಲಸಿಕೆಯಲ್ಲಿ ಪಾಸಾದ ಉಪಕೇಂದ್ರ ಒಂದೂ ಇರಲಿಲ್ಲ. ತಾಯಂದಿರ ಧನುರ್ವಾಯು ಚುಚ್ಚುಮದ್ದಿನಲ್ಲಿ ಪಾಸಾದವು ಮೂರು ಮಾತ್ರ. ಲಾಟುಗಳನ್ನೆಲ್ಲ ಕೂಡಿಸಿ ನೋಡಿದರೆ ಕಾಲು ಭಾಗದಷ್ಟು ಶಿಶುಗಳಿಗೆ ಮಾತ್ರ ವಯಸ್ಸಿಗೆ ತಕ್ಕ ಲಸಿಕೆಗಳು ಬಿದ್ದಿದ್ದವು. ಎಲ್ಲ ಉಪಕೇಂದ್ರಗಳಿಗೂ ಹೋಗಬೇಕಾದ್ದರಿಂದ ಖರ್ಚು ಹಳೆಯ ವಿಧಾನಕ್ಕಿಂತ ಹೆಚ್ಚೇ ಬಂತು. ಆದರೆ ತಾಯಂದಿರ ಚುಚ್ಚುಮದ್ದಿನಲ್ಲಿ ಗೆದ್ದ ಆ ಮೂರು ಉಪಕೇಂದ್ರಗಳು ಯಾವುವು ಎಂದು ಹಳೆಯ ವಿಧಾನ ಹೇಳುವಂತಿರಲಿಲ್ಲ.

ಕರ್ನಾಟಕದಲ್ಲಿ ಬೆಂಗಳೂರಿನ ಮತ್ತಿಕೆರೆ ನಗರ ಆರೋಗ್ಯ ಕೇಂದ್ರದ ವ್ಯಾಪ್ತಿಯಲ್ಲಿ ಕೆ. ಪುನೀತ್ ಮತ್ತು ಸಂಗಡಿಗರು ಎರಡೂ ವಿಧಾನಗಳನ್ನು ಹೋಲಿಸಿ 2008ರಲ್ಲಿ ಬರೆದರು. ಹಳೆಯ ವಿಧಾನದಲ್ಲಿ 220 ಮಕ್ಕಳನ್ನು ನೋಡಿದಾಗ ಪೂರ್ತಿ ಲಸಿಕೆ ಪಡೆದವರು ಶೇ. 84.09. ಲಾಟ್ ವಿಧಾನದಲ್ಲಿ 76 ಮಕ್ಕಳನ್ನು ನೋಡಿದಾಗ ಶೇ. 92.11. ಸಂಖ್ಯಾಶಾಸ್ತ್ರದ ಪ್ರಕಾರ ಎರಡರ ನಡುವೆ ಗಮನಾರ್ಹ ವ್ಯತ್ಯಾಸವಿಲ್ಲ, ಸಮಯ ಮತ್ತು ಸಂಪನ್ಮೂಲದ ದೃಷ್ಟಿಯಿಂದ ಲಾಟ್ ವಿಧಾನವೇ ಮೇಲು ಎಂದು ಅವರು ತೀರ್ಮಾನಿಸಿದರು. ಆ ಎಂಟು ಅಂಕಗಳ ಅಂತರವನ್ನು ನಾನು ಒಂದು ಎಚ್ಚರಿಕೆಯಾಗಿಯೂ ಓದುತ್ತೇನೆ. 76 ಮಕ್ಕಳ ಮಾದರಿಯಲ್ಲಿ ಅಷ್ಟು ಅಂತರ ಬರೀ ಆಕಸ್ಮಿಕದಿಂದಲೇ ಬರಬಹುದು. ಶೇಕಡಾವಾರು ಬೇಕಾದಾಗ ಈ ವಿಧಾನದ ಮೇಲೆ ಹೆಚ್ಚು ಭಾರ ಹಾಕಬಾರದು.

ಈಗ ಲೆಕ್ಕವನ್ನು ನಮ್ಮ ಕಡೆಯ ಒಂದು ಉದಾಹರಣೆಯಲ್ಲಿ ನೋಡೋಣ. ಅಂಕಿಗಳು ವಿವರಣೆಗಾಗಿ ನಾನು ಇಟ್ಟವು. ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದ ಕೆಳಗೆ ಆರು ಉಪಕೇಂದ್ರಗಳಿವೆ ಎನ್ನಿ. ಮೊದಲು ಎರಡು ಗೆರೆ ಎಳೆಯಬೇಕು. ನೂರಕ್ಕೆ 80 ಮಕ್ಕಳಿಗೆ ಪೂರ್ತಿ ಲಸಿಕೆ ಆಗಿದ್ದರೆ ಒಳ್ಳೆಯದು, 50ಕ್ಕೆ ಇಳಿದರೆ ತಕ್ಷಣ ಕೈಹಾಕಬೇಕು. 19 ಮಕ್ಕಳನ್ನು ನೋಡಿ, 13 ಅಥವಾ ಹೆಚ್ಚು ಮಕ್ಕಳಿಗೆ ಪೂರ್ತಿ ಆಗಿದ್ದರೆ ಪಾಸು, ಕಡಿಮೆಯಾದರೆ ಫೇಲು ಎಂಬುದು ನಿಯಮ. ನಿಜದಲ್ಲಿ 80 ಇರುವ ಉಪಕೇಂದ್ರವು ತಪ್ಪಾಗಿ ಫೇಲಾಗುವ ಸಾಧ್ಯತೆ ಸುಮಾರು ಶೇ. 7. ನಿಜದಲ್ಲಿ 50 ಇರುವುದು ತಪ್ಪಾಗಿ ಪಾಸಾಗುವ ಸಾಧ್ಯತೆ ಸುಮಾರು ಶೇ. 8.

ಆರು ಕಡೆಯಿಂದ 17, 16, 18, 15, 11, 16 ಬಂದವು ಎಂದುಕೊಳ್ಳಿ. ಒಟ್ಟು 114 ಮಕ್ಕಳಲ್ಲಿ 93, ಅಂದರೆ ಸುಮಾರು ಶೇ. 82. ಸರಾಸರಿಯನ್ನಷ್ಟೇ ನೋಡುವವರು ಇಲ್ಲಿ ಫೈಲು ಮುಚ್ಚುತ್ತಾರೆ. ನಿಯಮವಾದರೋ ಐದನೆಯ ಉಪಕೇಂದ್ರದ ಮೇಲೆ ಬೆರಳಿಡುತ್ತದೆ. ತೀರ್ಪಿನ ಮಟ್ಟಿಗೆ ಏಳನೆಯ ತಪ್ಪಿದ ಮಗು ಸಿಕ್ಕ ಕೂಡಲೇ ನಿಲ್ಲಿಸಬಹುದಿತ್ತು. ಆದರೂ 19 ಮುಗಿಸುವುದು ಒಳ್ಳೆಯದು, ಆಗಲೇ ಆರನ್ನೂ ಕೂಡಿಸಿ ಸರಾಸರಿ ತೆಗೆಯಲು ಬರುತ್ತದೆ. ಆಮೇಲೆ ಆ ಎಂಟು ಮಕ್ಕಳ ಮನೆ ಎಲ್ಲಿವೆ ಎಂದು ನೋಡಬೇಕು. ಆರು ಮನೆಗಳು ಒಂದೇ ತಾಂಡಾದಲ್ಲಿದ್ದು, ಅವರು ದುಡಿಯಲು ಗೋವಾಕ್ಕೆ ಹೋಗಿ ಬರುವವರಾಗಿದ್ದರೆ, ಕೊರತೆ ಲಸಿಕೆಯದಲ್ಲ, ಲಸಿಕೆ ದಿನದ್ದು. ಜನ ಊರಿಗೆ ಮರಳುವ ಕಾಲಕ್ಕೆ ಅಲ್ಲಿಗೇ ಶಿಬಿರ ಒಯ್ಯಬೇಕು.

ಈ ಹತ್ತೊಂಬತ್ತು ಮಕ್ಕಳನ್ನು ಆರಿಸುವಾಗಲೇ ಎಲ್ಲ ಕೆಡುವುದು. ರಿಜಿಸ್ಟರಿನಿಂದ ಹೆಸರು ಆರಿಸಿದರೆ ರಿಜಿಸ್ಟರಿನಲ್ಲಿ ಇಲ್ಲದ ಮಗು ಎಂದೂ ಸಿಗುವುದಿಲ್ಲ. ಅಂಗನವಾಡಿಗೆ ಮಕ್ಕಳನ್ನು ಕರೆಸಿದರೆ ಬರುವವರು ಲಸಿಕೆಗೂ ಬಂದವರೇ. ಊರಿನ ಎಲ್ಲ ಮನೆಗಳ ಪಟ್ಟಿಗೆ ನಂಬರ್ ಹಾಕಿ, ತಾಂಡಾ, ಹೊಲದ ಮನೆ, ಇಟ್ಟಿಗೆ ಭಟ್ಟಿಯ ಗುಡಿಸಲು ಎಲ್ಲವನ್ನೂ ಸೇರಿಸಿ, 19 ಮನೆಗಳನ್ನು ಚೀಟಿ ಎತ್ತಿದಂತೆ ಆರಿಸಬೇಕು. ನೋಟಿನ ಮೇಲಿನ ಕೊನೆಯ ಅಂಕಿಗಳಿಂದಲೂ ಆರಿಸಬಹುದು. ಆರಿಸಿದ ಮನೆಯಲ್ಲಿ ಆ ವಯಸ್ಸಿನ ಮಗು ಇಲ್ಲದಿದ್ದರೆ ಪಕ್ಕದ ಬಾಗಿಲು, ಅಲ್ಲೂ ಇಲ್ಲದಿದ್ದರೆ ಮುಂದಿನದು, ಮಗು ಸಿಗುವವರೆಗೆ. ಒಂದು ನಂಬರಿಗೆ ಒಂದೇ ಮಗು. ಬೀಗ ಹಾಕಿದ ಮನೆಯನ್ನು ಬಿಟ್ಟು ಹೋಗದೆ ಸಂಜೆ ಮರಳಿ ಬರಬೇಕು, ಏಕೆಂದರೆ ಕೂಲಿಗೆ ಹೋದ ತಾಯಿಯ ಮಗುವೇ ಲಸಿಕೆ ತಪ್ಪಿಸಿಕೊಂಡಿರುವ ಸಾಧ್ಯತೆ ಹೆಚ್ಚು. ಮನೆಯಲ್ಲಿ ತಾಯಿ ಕಾರ್ಡ್ ನೋಡಬೇಕು. ಕಾರ್ಡ್ ಇಲ್ಲದಿದ್ದರೆ ತಾಯಿಯನ್ನು ಕೇಳಿ, ಎಡತೋಳಿನ ಬಿಸಿಜಿ ಗುರುತು ನೋಡಿ, ಅದನ್ನು ಬೇರೆ ಕಾಲಮಿನಲ್ಲಿ ಬರೆಯಬೇಕು.

ಕೆಟ್ಟ ಸಮೀಕ್ಷೆಯನ್ನು ಗುರುತಿಸುವುದು ಕಷ್ಟವಲ್ಲ. ಆರಿಸಿದ ಮನೆಗಳೆಲ್ಲ ಡಾಂಬರು ರಸ್ತೆಯ ಬದಿಗೇ ಇದ್ದರೆ, ಬೀಗ ಹಾಕಿದ ಮನೆ ಒಂದೂ ಸಿಗದಿದ್ದರೆ, ತಿಂಗಳುಗಳ ಅಂತರದ ಚುಚ್ಚುಮದ್ದುಗಳೆಲ್ಲ ಕಾರ್ಡಿನಲ್ಲಿ ಒಂದೇ ಪೆನ್ನಿನಿಂದ ಒಂದೇ ಕೈಬರಹದಲ್ಲಿ ತುಂಬಿದ್ದರೆ, ಬೇರೊಬ್ಬರು ಹೋಗಿ ಮೂರು ನಾಲ್ಕು ಮನೆಗಳನ್ನು ಮತ್ತೆ ನೋಡಬೇಕು. ಒಂದು ಉಪಕೇಂದ್ರದ ಸಿಸ್ಟರ್ ತನ್ನದೇ ಊರನ್ನು ಅಳೆಯಬಾರದು. ಲಕ್ಷ್ಮೇಶ್ವರದವರು ಶಿರಹಟ್ಟಿಯನ್ನು, ಶಿರಹಟ್ಟಿಯವರು ಲಕ್ಷ್ಮೇಶ್ವರವನ್ನು ನೋಡಲಿ. ಗದಗ-ಬೆಟಗೇರಿಯಲ್ಲಿ ವಾರ್ಡುಗಳನ್ನೇ ಲಾಟು ಮಾಡಿಕೊಂಡರೆ ಬೆಟಗೇರಿಯ ನೇಕಾರರ ಓಣಿಗಳು ಇಡೀ ನಗರದ ಸರಾಸರಿಯಲ್ಲಿ ಮುಚ್ಚಿಹೋಗುವುದಿಲ್ಲ.

ಸರಿಯಾಗಿ ಮಾಡಿದರೂ ಉಳಿಯುವ ಒಂದು ಮಿತಿ ಇದೆ. 80 ಮತ್ತು 50ರ ನಡುವೆ ಬೀಳುವ ಉಪಕೇಂದ್ರಗಳ ಬಗ್ಗೆ ಈ ನಿಯಮ ಯಾವ ಭರವಸೆಯನ್ನೂ ಕೊಟ್ಟಿಲ್ಲ. ನಿಜದಲ್ಲಿ 65 ಇರುವ ಉಪಕೇಂದ್ರ 13ರ ಗೆರೆಯನ್ನು ದಾಟುವ ಸಾಧ್ಯತೆ ಅರ್ಧಕ್ಕೆ ಸ್ವಲ್ಪ ಕಡಿಮೆ, ಬಹುತೇಕ ನಾಣ್ಯ ಚಿಮ್ಮಿದ ಹಾಗೆ. ಆದ್ದರಿಂದ ಪಾಸಾಯಿತು ಎಂದರೆ 80 ದಾಟಿತು ಎಂದು ಅರ್ಥವಲ್ಲ, 50ರಷ್ಟು ಕೆಳಗೆ ಬಿದ್ದಿರಲಾರದು ಎಂದಷ್ಟೇ ಅರ್ಥ. ಪಾಸು ಎಂಬ ಮಾತು ಓದುವವರನ್ನು ಹೇಗೆ ದಾರಿ ತಪ್ಪಿಸುತ್ತದೆ ಎಂದು ಡೇಲ್ ರೋಡಾ, ಲೆಮೆಶೊ ಮತ್ತಿತರರು 2010ರಲ್ಲಿ ಎಚ್ಚರಿಸಿದ್ದರು. ಇದನ್ನು ಆರೋಗ್ಯಕ್ಕೆ ತಂದವರಲ್ಲಿ ಒಬ್ಬರೇ ಆ ಎಚ್ಚರಿಕೆಗೂ ಸಹಿ ಹಾಕಿದ್ದರು ಎಂಬುದನ್ನು ಮರೆಯಬಾರದು. ನಡುವಿನ ಈ ಮಸುಕು ಕಿರಿದಾಗಬೇಕಾದರೆ ಇನ್ನಷ್ಟು ಮಕ್ಕಳನ್ನು ನೋಡಬೇಕು, ಬೇರೆ ಉಪಾಯವಿಲ್ಲ.

ತಾಲ್ಲೂಕು ಆರೋಗ್ಯಾಧಿಕಾರಿಗಳಲ್ಲಿ ನನ್ನ ಮನವಿ ಇಷ್ಟು. ಎರಡು ಗೆರೆಗಳನ್ನೂ ಪಾಸಿನ ಸಂಖ್ಯೆಯನ್ನೂ ಮನೆಗಳಿಗೆ ಹೋಗುವ ಮೊದಲೇ ಕಾಗದದ ಮೇಲೆ ಬರೆದು ಸಹಿ ಮಾಡಿ. ಫಲಿತಾಂಶ ನೋಡಿದ ಮೇಲೆ 13ನ್ನು 11 ಮಾಡಬೇಡಿ. ಫೇಲಾದ ಉಪಕೇಂದ್ರದ ಸಿಸ್ಟರ್‌ಗೆ ನೋಟಿಸ್ ಕಳಿಸಬೇಡಿ, ಕಳಿಸಿದರೆ ಮುಂದಿನ ಸಲ ಎಲ್ಲ ಉಪಕೇಂದ್ರಗಳೂ ಕಾಗದದಲ್ಲಿ ಪಾಸಾಗುತ್ತವೆ. ನೋಟಿಸಿನ ಬದಲು ಲಸಿಕೆ ಪೆಟ್ಟಿಗೆ, ವಾಹನ ಮತ್ತು ಇನ್ನೊಬ್ಬ ಸಹಾಯಕಿಯನ್ನು ಕಳಿಸಿ.