ದೂರದ ಗಣಕಕ್ಕೆ ದಿಡ್ಡಿಬಾಗಿಲು

ಆದೋನಿಯ ಕಾಲೇಜು ಕಚೇರಿಯ ಗಣಕದಲ್ಲಿರುವ ಕಡತವೊಂದನ್ನು ಮಂತ್ರಾಲಯದ ಮನೆಯಲ್ಲಿ ಕುಳಿತು ತಿದ್ದಬೇಕಾಗಿದೆ ಎಂದುಕೊಳ್ಳೋಣ. ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್ ಇದಕ್ಕೆ ಒದಗುತ್ತದೆ. ಅದು ಕರೆಗಾಗಿ ಕಾಯುವ ಪೋರ್ಟಿನ ಸಂಖ್ಯೆ 3389.

ರೂಟರಿನಲ್ಲಿ ಆ ಪೋರ್ಟನ್ನು ಅಂತರಜಾಲಕ್ಕೆ ತೆರೆದಿಡುವುದು ಸುಲಭ. ಆದರೆ ಅದು ಕೋಟೆಯ ಹೆಬ್ಬಾಗಿಲನ್ನು ಹಗಲಿರುಳೂ ತೆರೆದಿಟ್ಟಂತೆ. ತೆರೆದ ಪೋರ್ಟುಗಳನ್ನು ಅರಸುತ್ತಲೇ ಇರುವ ತಂತ್ರಾಂಶಗಳು ಅದನ್ನು ಕಂಡುಹಿಡಿದು ಗುಪ್ತಪದವನ್ನು ಊಹಿಸತೊಡಗುತ್ತವೆ. ಗಣಕದ ಇವೆಂಟ್ ವ್ಯೂವರ್‌ನ ಸೆಕ್ಯುರಿಟಿ ದಾಖಲೆಯಲ್ಲಿ 4625 ಎಂಬ ಸಂಖ್ಯೆ ಸಾಲುಗಟ್ಟಿದ್ದರೆ, ಅವು ವಿಫಲವಾದ ಪ್ರವೇಶಯತ್ನಗಳು. ಗುಪ್ತಪದ ಬಿಗಿಯಾಗಿದ್ದರೂ ಸಾಲದು. 2019ರಲ್ಲಿ ಬಯಲಾದ ಬ್ಲೂಕೀಪ್ ಎಂಬ ದೋಷವು ಹಳೆಯ ವಿಂಡೋಸ್‌ಗಳಲ್ಲಿ ಗುಪ್ತಪದವಿಲ್ಲದೆಯೇ ಒಳನುಗ್ಗಲು ಎಡೆಗೊಟ್ಟಿತ್ತು.

ವಿಪಿಎನ್ ಕಾವಲುಳ್ಳ ದಿಡ್ಡಿಬಾಗಿಲು. ಮನೆಯ ಗಣಕವು ಮೊದಲು ಅಲ್ಲಿ ತನ್ನ ಗುರುತನ್ನು ಸಾಬೀತುಪಡಿಸಿ, ಗೂಢಲಿಪಿಯ ಸುರಂಗದ ಮೂಲಕ ಕಚೇರಿಯ ಜಾಲವನ್ನು ಸೇರುತ್ತದೆ. ಆಮೇಲೆ ರಿಮೋಟ್ ಡೆಸ್ಕ್‌ಟಾಪ್‌ಗೆ ಕಚೇರಿ ಗಣಕದ ಒಳವಿಳಾಸವನ್ನು, ಉದಾಹರಣೆಗೆ 192.168.1.20 ಎಂಬುದನ್ನು, ಕೊಟ್ಟರಾಯಿತು. ರೂಟರಿನಲ್ಲಿ 3389ನ್ನು ತೆರೆದ ನಿಯಮವನ್ನು ಅಳಿಸಲು ಮರೆಯಬಾರದು.

ವಿಪಿಎನ್ ಕೂಡಿದರೂ ಗಣಕ ಸಿಗದಿದ್ದರೆ ಎರಡೂ ಕಡೆಯ ವಿಳಾಸಗಳನ್ನು ನೋಡಬೇಕು. ಮನೆಯ ಜಾಲವೂ 192.168.1 ಎಂದೇ ಆರಂಭವಾಗುತ್ತಿದ್ದರೆ, ಗಣಕವು ಕಚೇರಿಯ ವಿಳಾಸವನ್ನು ಮನೆಯೊಳಗೇ ಹುಡುಕುತ್ತದೆ. ಮನೆಯ ರೂಟರಿನ ವಿಳಾಸಸರಣಿಯನ್ನು ಬದಲಿಸುವುದೇ ಪರಿಹಾರ.

ಕೊನೆಯದಾಗಿ ವಿಪಿಎನ್ ಕಳಚಿ, ಕಚೇರಿಯ ಹೊರಗಿನಿಂದ ಅದರ ಸಾರ್ವಜನಿಕ ವಿಳಾಸವನ್ನು ಪವರ್‌ಶೆಲ್‌ನಲ್ಲಿ ಹೀಗೆ ಪರೀಕ್ಷಿಸಬೇಕು:

```
Test-NetConnection <ವಿಳಾಸ> -Port 3389
```

`TcpTestSucceeded : False` ಎಂದು ಬಂದರೆ ಹೆಬ್ಬಾಗಿಲು ಮುಚ್ಚಿದೆ.