ಗರಗಸಕ್ಕೆ ಬ್ರೇಕ್ ಹಾಕಿದರೆ ಮೋಟಾರಿಗೆಷ್ಟು ಬಿಸಿ?

ಸಾಮಿಲ್ಲಿನಲ್ಲಿ ಸ್ವಿಚ್ ಆರಿಸಿದ ಮೇಲೂ ಚಕ್ರಗರಗಸ ಬಹಳ ಹೊತ್ತು ತಿರುಗುತ್ತಲೇ ಇರುತ್ತದೆ. ಸದ್ದು ಇಳಿಯಿತೆಂದು ಕೈ ಚಾಚುವವರಿಗೆ ಅಪಾಯ ಇರುವುದು ಆಗಲೇ. ಗರಗಸವನ್ನು ಬೇಗ ನಿಲ್ಲಿಸಲು ಅದರ ಇಂಡಕ್ಷನ್ ಮೋಟಾರನ್ನೇ ಬ್ರೇಕಾಗಿ ಬಳಸಬಹುದು. ಅದಕ್ಕೆ ಎರಡು ದಾರಿಗಳಿವೆ.

ಮೊದಲನೆಯದು ಪ್ಲಗ್ಗಿಂಗ್. ಮೋಟಾರು ಓಡುತ್ತಿರುವಾಗಲೇ ಮೂರು ಫೇಸ್‌ಗಳಲ್ಲಿ ಎರಡನ್ನು ಕಾಂಟ್ಯಾಕ್ಟರ್ ಅದಲುಬದಲು ಮಾಡುತ್ತದೆ. ಸ್ಟೇಟರಿನ ಕಾಂತಕ್ಷೇತ್ರ ಹಿಮ್ಮುಖವಾಗಿ ಸುತ್ತತೊಡಗಿ ರೋಟರನ್ನು ಹಿಂದಕ್ಕೆ ಎಳೆಯುತ್ತದೆ. ಗರಗಸ ನಿಂತ ಕ್ಷಣದಲ್ಲೇ ಶೂನ್ಯವೇಗದ ಸ್ವಿಚ್ ಕರೆಂಟು ಕಡಿಯಬೇಕು. ಅದು ಕೈಕೊಟ್ಟರೆ ಗರಗಸ ಉಲ್ಟಾ ತಿರುಗಲು ಶುರುಮಾಡುತ್ತದೆ.

ಇದರ ನಿಜವಾದ ಬೆಲೆ ಬಿಸಿಯಲ್ಲಿದೆ. 5 ಎಚ್‌ಪಿಯ, ನಾಲ್ಕು ಪೋಲಿನ ಮೋಟಾರೊಂದನ್ನು ತೆಗೆದುಕೊಳ್ಳೋಣ. ಪೂರ್ಣ ವೇಗದಲ್ಲಿ ಗರಗಸ, ಪುಲ್ಲಿ, ರೋಟರ್ ಎಲ್ಲ ಸೇರಿ ಸುಮಾರು 6 ಕಿಲೋಜೂಲ್ ಚಲನಶಕ್ತಿ ಹಿಡಿದಿವೆ ಎನ್ನೋಣ. ಬ್ರೇಕ್ ಹಾಕಿದಾಗ ಆ 6 ಕಿಲೋಜೂಲ್ ರೋಟರಿನಲ್ಲಿ ಬಿಸಿಯಾಗಲೇಬೇಕು. ಆದರೆ ಪ್ಲಗ್ಗಿಂಗ್‌ನಲ್ಲಿ ವಿದ್ಯುತ್ ಲೈನಿನಿಂದಲೂ ಶಕ್ತಿ ನುಗ್ಗುತ್ತದೆ, ಅದೂ ಇದರ ಎರಡರಷ್ಟು. ಒಟ್ಟು 18 ಕಿಲೋಜೂಲ್. ಮತ್ತೆ ಚಾಲೂ ಮಾಡುವಾಗ ಇನ್ನೊಂದು 6. ಹೀಗೆ ಒಂದು ಸುತ್ತಿಗೆ 24 ಕಿಲೋಜೂಲ್ ಆಯಿತು. ಗಂಟೆಗೆ 20 ಸಲ ನಿಲ್ಲಿಸಿದರೆ ಸರಾಸರಿ 133 ವ್ಯಾಟ್. ಈ ಮೋಟಾರು ಪೂರ್ಣ ಹೊರೆಯಲ್ಲಿ ಓಡುವಾಗ ರೋಟರಿನಲ್ಲಿ ಹುಟ್ಟುವ ಬಿಸಿಯೇ ಸುಮಾರು 150 ವ್ಯಾಟ್. ಅಂದರೆ ಒಂದು ಹಲಗೆ ಸೀಳುವ ಮೊದಲೇ ಬಿಸಿಯ ಲೆಕ್ಕ ಬಹುಪಾಲು ಮುಗಿದಿರುತ್ತದೆ. ಸ್ಟೇಟರ್ ವೈಂಡಿಂಗಿನ ಪಾಡೂ ಇದೇ, ಏಕೆಂದರೆ ಪ್ಲಗ್ಗಿಂಗ್ ವೇಳೆ ಚಾಲೂ ಮಾಡುವಾಗಿನದಕ್ಕಿಂತ ತುಸು ಹೆಚ್ಚೇ ಕರೆಂಟು ಹರಿಯುತ್ತದೆ. ಇಂಥ ಒರಟು ಎಳೆತಕ್ಕೆ ಅಲಗಿನ ನಟ್ಟು ಸಡಿಲಾಗುವ ಅಪಾಯ ಬೇರೆ. ಗರಗಸಕ್ಕೆ ಪ್ಲಗ್ಗಿಂಗ್ ಬೇಡ ಎನ್ನುವುದೇ ನನ್ನ ಮತ.

ಎರಡನೆಯದು ಡಿಸಿ ಬ್ರೇಕಿಂಗ್. ಮೊದಲು ಎಸಿ ತೆಗೆದು, ವೈಂಡಿಂಗಿನಲ್ಲಿ ಉಳಿದ ವೋಲ್ಟೇಜು ಇಳಿಯಲೆಂದು ಸುಮಾರು ಒಂದು ಸೆಕೆಂಡು ಬಿಡಬೇಕು. ಬಳಿಕ ಟ್ರಾನ್ಸ್‌ಫಾರ್ಮರ್, ರೆಕ್ಟಿಫೈಯರ್ ಮೂಲಕ ಎರಡು ಟರ್ಮಿನಲ್‌ಗಳಿಗೆ ಡಿಸಿ ಕೊಟ್ಟರೆ ಕಾಂತಕ್ಷೇತ್ರ ಅಲುಗದೆ ನಿಲ್ಲುತ್ತದೆ, ತಿರುಗುವ ರೋಟರ್ ಅದರೊಳಗೆ ಸಿಕ್ಕಿ ನಿಧಾನವಾಗುತ್ತದೆ. ಬ್ರೇಕ್ ಮೊದಲು ಮೆದು, ವೇಗ ಇಳಿದಂತೆ ಬಿಗಿ. ರೋಟರಿನಲ್ಲಿ ಹುಟ್ಟುವ ಬಿಸಿ 6 ಕಿಲೋಜೂಲ್ ಮಾತ್ರ. ಉಲ್ಟಾ ತಿರುಗುವ ಭಯವೂ ಇಲ್ಲ. ಆದರೆ ನಿಂತ ಮೇಲೆ ಹಿಡಿದಿಡುವ ಬಲ ಇದಕ್ಕಿಲ್ಲ. ಹೊರೆ ಎತ್ತುವ ಯಂತ್ರಕ್ಕೆ ಬೇರೆ ಬ್ರೇಕ್ ಬೇಕೇ ಬೇಕು.

ಇಲ್ಲಿ ಎಚ್ಚರ ಬೇಕಾದದ್ದು ಟೈಮರಿನ ಬಗ್ಗೆ. ಪೂರ್ಣ ಹೊರೆಯ ಕರೆಂಟು 7.5 ಆಂಪಿಯರ್ ಇದ್ದರೆ ಡಿಸಿ ಅದರ ಎರಡರಷ್ಟು, ಅಂದರೆ 15 ಆಂಪಿಯರ್ ಇಡಬಹುದು. ಟರ್ಮಿನಲ್‌ಗಳ ನಡುವೆ 3 ಓಮ್ ಇದ್ದರೆ ಅದಕ್ಕೆ 45 ವೋಲ್ಟ್ ಸಾಕು. ಆದರೆ ವೈಂಡಿಂಗಿನಲ್ಲಿ ಹುಟ್ಟುವ ಬಿಸಿ 675 ವ್ಯಾಟ್. ಮೋಟಾರಿನ ಫ್ಯಾನು ಆಗ ನಿಂತಿರುತ್ತದೆ. ಗರಗಸ ನಿಂತ ಮೇಲೂ ಮೋಟಾರು ಗುಂಯ್‌ಗುಡುತ್ತಿದ್ದರೆ ಡಿಸಿ ಇನ್ನೂ ಹರಿಯುತ್ತಿದೆ ಎಂದರ್ಥ. ಸದ್ದು ಗರಗಸ ನಿಂತ ಒಂದು ಸೆಕೆಂಡಿನೊಳಗೆ ನಿಲ್ಲುವಂತೆ ಟೈಮರ್ ಇಳಿಸಬೇಕು.